ಹುಲಿ, ಹುಳಿ ಮತ್ತು ಟ್ರೆಂಡಿಂಗ್ ಹಾಡು: ಮಗುವಿನ ರೀಲ್‌ಗೆ ಯಾವ ಧ್ವನಿ, ಯಾವ ಹ್ಯಾಶ್‌ಟ್ಯಾಗ್?

ಮನೆಯಲ್ಲಿ ಕನ್ನಡ ಮಾತಾಡುವ ಮಗುವಿನ ಪುಟ್ಟ ವಿಡಿಯೋಗಳು ನಿಮ್ಮ ಫೋನಿನಲ್ಲೂ ಬೇಕಾದಷ್ಟು ಇರುತ್ತವೆ. ಉದಾಹರಣೆಗೆ ಇಂಥದ್ದೊಂದು ಇದೆ ಎಂದುಕೊಳ್ಳಿ. ಏಳು ವರ್ಷದ ಮಗಳು ತಟ್ಟೆಯ ಮುಂದೆ ಕೂತು, "ಅಮ್ಮಾ, ಅನ್ನಕ್ಕೆ ಹುಲಿ ಹಾಕು" ಅನ್ನುತ್ತಾಳೆ. ಅಮ್ಮ ಆಟದ ಹುಲಿಯನ್ನು ತಂದು ಅನ್ನದ ಪಕ್ಕದಲ್ಲಿ ಕೂರಿಸುತ್ತಾರೆ. ಮಗಳು ನಕ್ಕು, ನಾಲಿಗೆ ಹಿಂದಕ್ಕೆ ಮಡಿಚಿ, "ಹುಲಿ ಅಲ್ಲಮ್ಮಾ, ಹುಳಿ!" ಎಂದು ತಿದ್ದಿಕೊಳ್ಳುತ್ತಾಳೆ. ಆಮೇಲೆ ಬೆಲೆ–ಬೆಳೆ, ಹಲ್ಲಿ–ಹಳ್ಳಿ ಜೋಡಿಗಳನ್ನೂ ಹೇಳಿ ತೋರಿಸುತ್ತಾಳೆ. ಒಟ್ಟು 24 ಸೆಕೆಂಡು.

ಇದನ್ನು ರೀಲ್ ಮಾಡಿ ಹಾಕಿದರೆ ನಿಮ್ಮಂಥ ಇನ್ನಷ್ಟು ಅಪ್ಪ–ಅಮ್ಮಂದಿರಿಗೆ ಉಪಯೋಗವಾದೀತು ಎಂದು ನಿಮಗೆ ಅನ್ನಿಸುತ್ತದೆ. ಆಗ ಸುತ್ತಲಿನವರೆಲ್ಲ ಒಂದೇ ಸಲಹೆ ಕೊಡುತ್ತಾರೆ: "ಟ್ರೆಂಡಿಂಗ್ ಆಡಿಯೋ ಹಾಕಿ, ಟ್ರೆಂಡಿಂಗ್ ಹ್ಯಾಶ್‌ಟ್ಯಾಗ್ ಹಾಕಿ, ಎಲ್ಲ ಕಡೆ ಓಡುತ್ತೆ." ಧ್ವನಿ ಸಂಕೇತಗಳ ಮೇಲೆ ಕೆಲಸ ಮಾಡುವ ಸಂಶೋಧಕಿಯಾಗಿ ಈ ಸಲಹೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು ಎಂದು ನನಗೆ ಅನ್ನಿಸಿತು. ಇದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಗಮನಿಸದೆ ಹೋದರೆ, ಯಾವುದನ್ನು ತೋರಿಸಬೇಕೆಂದು ರೀಲ್ ಮಾಡಿದಿರೋ ಆ ಕನ್ನಡವೇ ಅದರಲ್ಲಿ ಕೇಳಿಸದೆ ಹೋಗುತ್ತದೆ.

ಸಲಹೆಯ ಹಿಂದಿನ ನಿಜ

ಇನ್‌ಸ್ಟಾಗ್ರಾಂನಲ್ಲಿ ಆಡಿಯೋ ಎಂದರೆ ಹಿನ್ನೆಲೆ ಸಂಗೀತ ಅಷ್ಟೇ ಅಲ್ಲ, ಅದೊಂದು ವಿಳಾಸವೂ ಹೌದು. ರೀಲ್‌ನ ಕೆಳಗೆ ಕಾಣುವ ಹಾಡಿನ ಹೆಸರನ್ನು ಒತ್ತಿದರೆ ಆ ಆಡಿಯೋದ ಪುಟ ತೆರೆದುಕೊಳ್ಳುತ್ತದೆ. ಅದೇ ಧ್ವನಿ ಬಳಸಿದ ಸಾರ್ವಜನಿಕ ರೀಲ್‌ಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಜನ ವೇಗವಾಗಿ ಬಳಸುತ್ತಿರುವ ಆಡಿಯೋದ ಹೆಸರಿನ ಪಕ್ಕದಲ್ಲಿ ಮೇಲಕ್ಕೆ ತಿರುಗಿದ ಪುಟ್ಟ ಬಾಣ ಇರುತ್ತದೆ. "ಟ್ರೆಂಡಿಂಗ್" ಎನ್ನುವುದು ಅದನ್ನೇ.

ಯಾವ ರೀಲನ್ನು ಯಾರಿಗೆ ತೋರಿಸಬೇಕು ಎಂದು ನಿರ್ಧರಿಸುವಾಗ ಏನೇನು ಅಂದಾಜು ಮಾಡುತ್ತೇವೆ ಎಂಬುದನ್ನು ಇನ್‌ಸ್ಟಾಗ್ರಾಂ 2023ರಲ್ಲಿ ಬಹಿರಂಗವಾಗಿ ವಿವರಿಸಿತ್ತು. ಈ ವ್ಯಕ್ತಿ ರೀಲನ್ನು ಕೊನೆಯವರೆಗೆ ನೋಡುತ್ತಾರೆಯೇ, ಲೈಕ್ ಮಾಡುತ್ತಾರೆಯೇ, ಬೇರೆಯವರಿಗೆ ಕಳಿಸುತ್ತಾರೆಯೇ, ಆಡಿಯೋ ಪುಟಕ್ಕೆ ಹೋಗುತ್ತಾರೆಯೇ ಎನ್ನುವುವು ಅದರಲ್ಲಿ ಮುಖ್ಯವಾದವು. ಆಡಿಯೋ ಪುಟಕ್ಕೆ ಹೋದರೆ ಆ ವ್ಯಕ್ತಿಗೂ ಅಂಥದ್ದೇ ರೀಲ್ ಮಾಡುವ ಆಸೆ ಹುಟ್ಟಿರಬಹುದು ಎಂಬ ಲೆಕ್ಕ. 2025ರ ಆರಂಭದಲ್ಲಿ ಸಂಸ್ಥೆಯ ಮುಖ್ಯಸ್ಥ ಆಡಂ ಮೊಸೆರಿ ಕೂಡ ನೋಡಿದ ಸಮಯ, ಲೈಕ್ ಮತ್ತು ಬೇರೆಯವರಿಗೆ ಕಳಿಸುವುದು, ಈ ಮೂರನ್ನೇ ಮುಖ್ಯ ಎಂದರು. ಇನ್ನೂ ನಿಮ್ಮನ್ನು ಫಾಲೋ ಮಾಡದ ಹೊಸಬರನ್ನು ತಲುಪಲು ಕೊನೆಯದ್ದಕ್ಕೆ ಹೆಚ್ಚು ತೂಕ ಎಂದೂ ಹೇಳಿದರು.

ಇದನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಟ್ರೆಂಡಿಂಗ್ ಆಡಿಯೋ ನಿಮ್ಮ ರೀಲನ್ನು ಆ ಹಾಡನ್ನು ಇಷ್ಟಪಡುವವರ ಮುಂದೆ ತಂದು ನಿಲ್ಲಿಸಲು ಸಹಾಯ ಮಾಡಬಹುದು. ಆದರೆ ಅವರು ಅಲ್ಲಿ ನಿಲ್ಲುತ್ತಾರೋ ಇಲ್ಲವೋ ಎನ್ನುವುದು ಆಡಿಯೋದ ಕೈಯಲ್ಲಿಲ್ಲ. ಕುಣಿತದ ರೀಲ್ ನಿರೀಕ್ಷಿಸಿದ ಹುಡುಗನೊಬ್ಬ ಅದೇ ಬೀಟ್‌ನ ಮೇಲೆ ಹುಲಿ–ಹುಳಿ ಪಾಠವನ್ನು ಕಂಡರೆ ಎರಡು ಸೆಕೆಂಡಿನಲ್ಲಿ ಮುಂದೆ ಹೋಗುತ್ತಾನೆ. ಅವನ ಆ ಎರಡು ಸೆಕೆಂಡು "ಈ ರೀಲ್ ಯಾರಿಗೂ ಬೇಡ" ಎಂಬ ಸಾಕ್ಷಿಯಾಗಿ ದಾಖಲಾಗುತ್ತದೆ. ಅವನ ಬದಲು ಸ್ಟುಟ್‌ಗಾರ್ಟ್‌ನಲ್ಲಿ ಮಗನಿಗೆ ಳಕಾರ ಕಲಿಸಲು ಒದ್ದಾಡುತ್ತಿರುವ ತಾಯಿಯೊಬ್ಬರು ನೋಡಿದ್ದರೆ ಪೂರ್ತಿ ನೋಡಿ ಗಂಡನಿಗೂ ಅತ್ತೆಗೂ ಕಳಿಸುತ್ತಿದ್ದರು. ಹೊಂದದ ಆಡಿಯೋದಿಂದ ಆಗುವ ನಷ್ಟ ಇದು: ತಪ್ಪು ಜನ ಮೊದಲು ಬರುತ್ತಾರೆ, ಸರಿಯಾದ ಜನರ ಸರದಿ ಬರುವುದೇ ಇಲ್ಲ.

ರೀಲ್‌ನ ಜೀವ ಕಣ್ಣಿನಲ್ಲಿದೆಯೋ ಕಿವಿಯಲ್ಲಿದೆಯೋ?

ಆಡಿಯೋ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ವಿಡಿಯೋದ ಧ್ವನಿಯನ್ನು ಪೂರ್ತಿ ಮುಚ್ಚಿ ಒಮ್ಮೆ ನೋಡಿ. ಬಾಗಿಲ ಮುಂದೆ ರಂಗೋಲಿ ಹಾಕುವುದನ್ನು ವೇಗವಾಗಿ ಓಡಿಸಿದ ವಿಡಿಯೋ ಆದರೆ ಏನೂ ಕಳೆಯುವುದಿಲ್ಲ. ಅದಕ್ಕೆ ಹಬ್ಬದ ನಾದಸ್ವರವೋ ವೀಣೆಯೋ ಟ್ರೆಂಡಿಂಗ್‌ನಲ್ಲಿದ್ದರೆ ಹಾಕಿ. ಚಿತ್ರಕ್ಕೂ ಧ್ವನಿಗೂ ಜಗಳವಿಲ್ಲ. ಹುಲಿ–ಹುಳಿ ವಿಡಿಯೋದಲ್ಲಿ ಮಾತ್ರ ಧ್ವನಿ ಹೋದರೆ ಎಲ್ಲವೂ ಹೋಯಿತು. ಅಲ್ಲಿ ಮಗುವಿನ ನಾಲಿಗೆಯೇ ವಿಷಯ.

ಇಂಥ ವಿಡಿಯೋಗೆ ಹಾಡು ಸೇರಿಸಿದಾಗ ಏನಾಗುತ್ತದೆ ನೋಡಿ. ಲ ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗುತ್ತದೆ, ಳ ಎನ್ನುವಾಗ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗುತ್ತದೆ. ಕಿವಿಗೆ ಈ ವ್ಯತ್ಯಾಸ ತಿಳಿಯುವುದು ಬಹುಪಾಲು ಧ್ವನಿಯ ಮೇಲಿನ ಭಾಗದಲ್ಲಿ. ದೊಡ್ಡವರಲ್ಲಿ ಅದು ಸುಮಾರು 2,000ದಿಂದ 3,000 ಹರ್ಟ್ಸ್ ನಡುವೆ, ಮಕ್ಕಳಲ್ಲಿ ಇನ್ನೂ ಸ್ವಲ್ಪ ಮೇಲೆ. ಅದೂ ಪಕ್ಕದ ಸ್ವರದಿಂದ ನಾಲಿಗೆ ಸರಿಯುವ ಆ ಕ್ಷಣದಲ್ಲಿ, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಇತ್ತ ಫೋನಿನ ಪುಟ್ಟ ಸ್ಪೀಕರ್‌ಗೆ ಹಾಡಿನ ತಗ್ಗಿನ ಧ್ವನಿಯನ್ನು ನುಡಿಸುವ ಶಕ್ತಿ ಇಲ್ಲ. ಹಾಗಾಗಿ ಹಾಡಿನಲ್ಲಿ ಉಳಿಯುವ ತಾಳ, ಗಾಯನ, ಕೀಬೋರ್ಡ್ ಎಲ್ಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಕೂರುತ್ತವೆ. "ಮಾತು ಕೇಳಿಸುತ್ತಲ್ಲ" ಎಂದು ನಿಮಗೆ ಅನ್ನಿಸಬಹುದು. ಹೌದು, ಮಾತು ಕೇಳಿಸುತ್ತದೆ, ಆದರೆ ಅದು ಲ ಆಗಿತ್ತೋ ಳ ಆಗಿತ್ತೋ ಎನ್ನುವುದು ಕೇಳಿಸುವುದಿಲ್ಲ. ಉತ್ತರ ಮೊದಲೇ ಗೊತ್ತಿರುವುದರಿಂದ ನಿಮ್ಮ ಮಿದುಳು ಅದನ್ನು ತುಂಬಿಕೊಳ್ಳುತ್ತದೆ. ಕನ್ನಡ ಕಲಿಯುತ್ತಿರುವ ಇನ್ನೊಂದು ಮನೆಯ ಮಗುವಿಗೆ ಆ ಅನುಕೂಲವಿಲ್ಲ. ಕ–ಖ, ನ–ಣ, ಸ–ಶ ಜೋಡಿಗಳಿಗೂ ಇದೇ ಕಷ್ಟ. ಖಕಾರದ ಆ ಸಣ್ಣ ಉಸಿರು ಸಂಗೀತದಡಿ ಮೊದಲು ಮುಳುಗುತ್ತದೆ.

"ಶಬ್ದ ಕಡಿಮೆ ಮಾಡಿ ಹಾಕಿದರೆ ಆಗಲ್ವಾ?"

ಇದು ಬಹಳ ಜನ ಬಳಸುವ ಉಪಾಯ. ರೀಲ್ ಎಡಿಟ್ ಮಾಡುವಾಗ ನಿಮ್ಮ ವಿಡಿಯೋದ ಧ್ವನಿಗೊಂದು, ಸೇರಿಸಿದ ಹಾಡಿಗೊಂದು ಬೇರೆ ಬೇರೆ ಪಟ್ಟಿ ಇರುತ್ತದೆ. ಹಾಡಿನದನ್ನು ತೀರಾ ಕೆಳಗೆ ಎಳೆದು ಹೆಸರಿಗೆ ಮಾತ್ರ ಉಳಿಸಿಕೊಳ್ಳುವುದು. ಮಾತು ಉಳಿಯುತ್ತದೆ, ಟ್ರೆಂಡ್ ಕೂಡ ಸಿಗುತ್ತದೆ ಎಂಬ ಆಸೆ.

ಎಷ್ಟು ಕಡಿಮೆ ಮಾಡಿದರೆ ಸಾಕು ಎನ್ನುವುದಕ್ಕೆ ಒಂದು ಒಳ್ಳೆಯ ಅಳತೆ ಇದೆ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂದು ರೂಪಿಸಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಹಿನ್ನೆಲೆ ಶಬ್ದ ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕೆಳಗಿರಬೇಕು. ಕಿವಿಗೆ ಅದು ಹೆಚ್ಚುಕಡಿಮೆ ಕಾಲು ಭಾಗದಷ್ಟು ಶಬ್ದ ಎನಿಸುತ್ತದೆ. ಆದರೆ ಫೋನಿನ ಪಟ್ಟಿಯಲ್ಲಿ ಕಾಣುವ ಅಂಕಿ ಡೆಸಿಬೆಲ್ ಅಲ್ಲ, ಮಗು ಮೆಲ್ಲಗೆ ಮಾತಾಡಿದ್ದರೆ ಅದೇ ಅಂಕಿ ಜಾಸ್ತಿಯೂ ಆಗಬಹುದು. ಅದಕ್ಕೆ ಉಪಕರಣವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ವಿಡಿಯೋದಲ್ಲಿರುವ ಆರು ಪದಗಳನ್ನು ಅದನ್ನು ಇನ್ನೂ ನೋಡಿಲ್ಲದ ಒಬ್ಬರಿಗೆ ಕೇಳಿಸಿ. ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಡಿ, ಶಬ್ದ ಅರ್ಧಕ್ಕಿರಲಿ, ಅವರು ಎರಡು ಹೆಜ್ಜೆ ದೂರದಲ್ಲಿ ಕೂತು ಕೇಳಿದ್ದನ್ನು ಬರೆಯಲಿ. ಆರಕ್ಕೆ ಆರೂ ಸರಿ ಬಂದರೆ ಹಾಡು ತೊಂದರೆ ಕೊಡುತ್ತಿಲ್ಲ. ಒಂದು ತಪ್ಪಿದರೂ ಹಾಡು ತೆಗೆದು ಮತ್ತೊಮ್ಮೆ ಕೇಳಿಸಿ. ಆಗ ಸರಿ ಬಂದರೆ ತಪ್ಪು ಯಾರದ್ದೆಂದು ಗೊತ್ತಾಯಿತು.

ಪರೀಕ್ಷೆ ಪಾಸಾದರೂ ಇನ್ನೊಂದು ತೊಡಕು ಉಳಿಯುತ್ತದೆ. ಹಾಡು ಕೇಳಿಸದಿದ್ದರೂ ರೀಲ್‌ನ ಕೆಳಗೆ ಅದರ ಹೆಸರು ಇರುತ್ತದೆ, ಆ ಹಾಡಿನ ಪುಟದಲ್ಲಿ ನಿಮ್ಮ ಮಗುವಿನ ಮುಖವೂ ಇರುತ್ತದೆ. ಕೇಳಿಸದ ಹಾಡಿಗಾಗಿ ಬಂದವರು ನಿಲ್ಲುವುದಂತೂ ಇಲ್ಲ.

ಮೂರು ಆಡಿಯೋ, ಒಂದು ವಿಡಿಯೋ

ಈಗ ನಮ್ಮ 24 ಸೆಕೆಂಡಿನ ವಿಡಿಯೋ ಹಿಡಿದುಕೊಂಡು ಬಾಣದ ಗುರುತಿರುವ ಮೂರು ಬಗೆಯ ಆಡಿಯೋಗಳನ್ನು ನೋಡೋಣ. ಇಂಥವು ಯಾವ ವಾರದಲ್ಲೂ ಸಿಗುತ್ತವೆ.

ಮೊದಲನೆಯದು ಬಟ್ಟೆ ಬದಲಿಸಿ ತೋರಿಸಲು ಬಳಸುವ ಜೋರು ಬೀಟ್. ಆಡಿಯೋ ಪುಟಕ್ಕೆ ಹೋಗಿ ಮೇಲಿನ ಹತ್ತು ಹದಿನೈದು ರೀಲ್ ನೋಡಿ. ಎಲ್ಲರೂ ಬೀಟ್ ಬೀಳುವ ಹೊತ್ತಿಗೆ ಕ್ಯಾಮೆರಾ ತಿರುಗಿಸಿ ಹೊಸ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಅಂದರೆ ಈ ಆಡಿಯೋ ಒಂದು ಅಚ್ಚು. ನೋಡುವವರು ಆ ತಿರುವಿಗಾಗಿ ಕಾಯುತ್ತಾರೆ. ನಮ್ಮ ವಿಡಿಯೋದಲ್ಲಿ ಅದು ಇಲ್ಲ. ಬೇಡ.

ಎರಡನೆಯದು ಹೊಸ ಕನ್ನಡ ಚಿತ್ರದ ಪ್ರೇಮಗೀತೆಯ ಪಲ್ಲವಿ. ಕನ್ನಡದ್ದೇ ಹಾಡು, ಕನ್ನಡದ್ದೇ ವಿಡಿಯೋ, ಹೊಂದುತ್ತದೆ ಎಂದು ಕೈ ಮುಂದಾಗುತ್ತದೆ. ಆದರೆ ಭಾಷೆ ಒಂದಾದ ಮಾತ್ರಕ್ಕೆ ವಿಷಯ ಒಂದಾಗುವುದಿಲ್ಲ. ಆಡಿಯೋ ಪುಟದಲ್ಲಿ ಮದುವೆಯ ಫೋಟೋ, ಪ್ರೇಮಿಗಳ ವಿಡಿಯೋ ತುಂಬಿರುತ್ತವೆ. ಇಲ್ಲಿ ಇನ್ನೊಂದು ಕೆಲಸವನ್ನೂ ಬಿಡಬೇಡಿ: ಹದಿನೈದು ಸೆಕೆಂಡಿನ ತುಣುಕು ನಂಬದೆ ಇಡೀ ಹಾಡು ಕೇಳಿ. ಪಲ್ಲವಿ ಮುದ್ದಾಗಿದ್ದು ಚರಣದಲ್ಲಿ ಮಗುವಿನ ಪಕ್ಕ ಇಡಲಾಗದ ಮಾತು ಬರುವ ಹಾಡುಗಳಿವೆ. ನಮಗೆ ಬಾರದ ಭಾಷೆಯ ಹಾಡಾದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜರ್ಮನ್ನೋ ಅರಬಿಯೋ ಗೊತ್ತಿಲ್ಲದಿದ್ದರೆ ಗೊತ್ತಿರುವ ಸಹೋದ್ಯೋಗಿಯನ್ನು ಕೇಳಿ. ಅಲ್ಲಿಯೇ ಬೆಳೆಯುತ್ತಿರುವ ನಿಮ್ಮ ಮಗುವಿನ ಗೆಳೆಯರಿಗಂತೂ ಆ ಸಾಲಿನ ಅರ್ಥ ನಿಮಗಿಂತ ಮೊದಲು ತಿಳಿಯುತ್ತದೆ.

ಮೂರನೆಯದು ಏಳು ಸೆಕೆಂಡಿನ ತಮಾಷೆ ಧ್ವನಿ. ಮೊದಲರ್ಧದಲ್ಲಿ ಆಸೆ ಹುಟ್ಟಿಸುವ ಮೆಲು ಸಂಗೀತ, ಥಟ್ಟನೆ ನಿಶ್ಶಬ್ದ, ಆಮೇಲೆ ಪೆಚ್ಚಾದ ಪೀಪಿಯ ಸದ್ದು. ಜನ ಇದನ್ನು "ನಾನು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು" ಎನ್ನಲು ಬಳಸುತ್ತಾರೆ. ನಮ್ಮ ವಿಡಿಯೋದ ಹಾಸ್ಯವೂ ಅದೇ ತಾನೆ! ಕೇಳಿದ್ದು ಹುಳಿ, ತಟ್ಟೆಗೆ ಬಂದದ್ದು ಹುಲಿ. ಇದು ನಿಜವಾಗಿ ಹೊಂದುವ ಆಡಿಯೋ. ಹಾಗೆಂದು 24 ಸೆಕೆಂಡಿನ ಪಾಠಕ್ಕೆ ಅದನ್ನು ಹೊದಿಸಬೇಡಿ. ಬೇರೆಯದೇ ಏಳು ಸೆಕೆಂಡಿನ ರೀಲ್ ಮಾಡಿ. ಮೊದಲು ಮಗಳು ತಟ್ಟೆ ಮುಂದೆ ಮಾಡುವ ಸಂಭ್ರಮದ ಮುಖ, ಮೇಲೆ ಅಕ್ಷರದಲ್ಲಿ "ಅಮ್ಮಾ, ಅನ್ನಕ್ಕೆ ಹುಲಿ ಹಾಕು". ನಿಶ್ಶಬ್ದ ಬರುವ ಹೊತ್ತಿಗೆ ಸರಿಯಾಗಿ ತಟ್ಟೆಯಲ್ಲಿ ಆಟದ ಹುಲಿ. ಇಲ್ಲಿ ಹಾಸ್ಯವೆಲ್ಲ ಬರೆದ ಅಕ್ಷರ ಮತ್ತು ಚಿತ್ರದಲ್ಲಿರುವುದರಿಂದ ಮಗುವಿನ ಧ್ವನಿಯ ಅಗತ್ಯವಿಲ್ಲ, ಮುಳುಗುವುದಕ್ಕೂ ಏನಿಲ್ಲ.

24 ಸೆಕೆಂಡಿನ ಪಾಠವನ್ನು ಅದರದೇ ಧ್ವನಿಯಲ್ಲಿ ಹಾಕಿ. ಆಗ ಆಡಿಯೋ ಜಾಗದಲ್ಲಿ "Original audio" ಎಂದು ಬರುತ್ತದೆ. ಮಗುವಿನ ಮಾತನ್ನು ಕೆಳಗೆ ಅಕ್ಷರದಲ್ಲೂ ಕೊಟ್ಟರೆ ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರೂ ನಿಲ್ಲುತ್ತಾರೆ. ಒಂದನ್ನು ಮಾತ್ರ ನೆನಪಿಡಿ: ಸಾರ್ವಜನಿಕ ಖಾತೆಯಲ್ಲಿ ಹಾಕಿದ ಸ್ವಂತ ಧ್ವನಿಯನ್ನು ಬೇರೆಯವರು ತಮ್ಮ ರೀಲ್‌ಗೆ ಎತ್ತಿಕೊಳ್ಳಬಹುದು. ಅದು ನಿಮಗೆ ಇಷ್ಟವಿಲ್ಲದಿದ್ದರೆ ಹಾಕುವ ಮೊದಲೇ ಮರುಬಳಕೆಯ ಸೆಟ್ಟಿಂಗ್‌ಗಳನ್ನು ನೋಡಿ, ಇಲ್ಲವೇ ಖಾತೆಯನ್ನು ಖಾಸಗಿಯಾಗಿ ಇಡಿ. ಖಾಸಗಿ ಖಾತೆಯಲ್ಲಿ ಟ್ರೆಂಡಿಂಗ್ ಆಡಿಯೋದ ಲಾಭವೂ ಇಲ್ಲ, ಅದರ ಪುಟದಲ್ಲಿ ಅಪರಿಚಿತರಿಗೆ ಮಗು ಕಾಣುವ ಭಯವೂ ಇಲ್ಲ. ಅಜ್ಜ–ಅಜ್ಜಿ, ದೊಡ್ಡಮ್ಮ, ಮಾವ ನೋಡಿದರೆ ಸಾಕು ಎನ್ನುವವರಿಗೆ ಈ ಇಡೀ ತಲೆನೋವೇ ಬೇಡ.

ನಿಮಗೆ ಕೇಳಿಸಿದ್ದು ಮೈಸೂರಿನಲ್ಲಿ ಕೇಳಿಸದಿರಬಹುದು

ಹೊರದೇಶದಲ್ಲಿರುವ ನಮಗೆ ಇನ್ನೂ ಎರಡು ಸಂಗತಿಗಳಿವೆ. ಹಾಡಿನ ಹಕ್ಕುಗಳು ದೇಶದಿಂದ ದೇಶಕ್ಕೆ ಬೇರೆ. ದುಬೈನಲ್ಲಿ ಕೂತು ಹಾಕಿದ ಹಾಡು ಇನ್ನೊಂದು ದೇಶದಲ್ಲಿ ಲಭ್ಯವಿಲ್ಲದಿದ್ದರೆ ಅಲ್ಲಿನವರಿಗೆ ರೀಲ್ ಮೂಕವಾಗಬಹುದು. "ಏನೂ ಕೇಳಿಸ್ತಿಲ್ವಲ್ಲ ಕಣೇ" ಎಂದು ಊರಿನಿಂದ ಅಮ್ಮ ಫೋನ್ ಮಾಡಿದರೆ ಅವರ ಫೋನ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇದನ್ನು ನೋಡಿ. ಮಗುವಿನ ಸ್ವಂತ ಧ್ವನಿಗೆ ಈ ಸಮಸ್ಯೆ ಇಲ್ಲ.

ಇನ್ನೊಂದು, ಭಾನುವಾರದ ಕನ್ನಡ ತರಗತಿಯ ಅಥವಾ ಕನ್ನಡ ಕೂಟದ ಖಾತೆ ನಡೆಸುವವರಿಗೆ. ಖಾತೆ ವ್ಯವಹಾರದ ವರ್ಗದಲ್ಲಿದ್ದರೆ ಚಿತ್ರಗೀತೆಗಳ ಪೂರ್ತಿ ಸಂಗ್ರಹ ಸಾಮಾನ್ಯವಾಗಿ ಸಿಗುವುದಿಲ್ಲ. ಪರವಾನಗಿಯ ತಕರಾರಿಲ್ಲದ ಸಂಗೀತವೇ ಇರುವ ಮೆಟಾದ Sound Collection ಬಳಸಬೇಕಾಗುತ್ತದೆ. ಒಬ್ಬ ಪೋಷಕರ ವೈಯಕ್ತಿಕ ಖಾತೆಯಲ್ಲಿ ಕಂಡ ಹಾಡು ತರಗತಿಯ ಖಾತೆಯಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಹಾಡನ್ನು ಹೊರಗಿನಿಂದ ರೆಕಾರ್ಡ್ ಮಾಡಿ ಸೇರಿಸುವ ಅಡ್ಡದಾರಿ ಹಿಡಿದರೆ ಧ್ವನಿ ಮುಚ್ಚಿಹೋಗಬಹುದು, ರೀಲೇ ತೆಗೆದುಹಾಕಲ್ಪಡಬಹುದು.

ಹ್ಯಾಶ್‌ಟ್ಯಾಗ್ ಎಂದರೆ ಡಬ್ಬಿಯ ಮೇಲಿನ ಚೀಟಿ

ಅಡುಗೆಮನೆಯ ಡಬ್ಬಿಗೆ ಚೀಟಿ ಅಂಟಿಸುವುದು ಒಳಗೆ ಏನಿದೆ ಎಂದು ತಿಳಿಯಲಿ ಎಂದು. ಹ್ಯಾಶ್‌ಟ್ಯಾಗ್‌ನ ಕೆಲಸವೂ ಅಷ್ಟೇ. ಅದು ರೀಲ್ ಯಾವುದರ ಬಗ್ಗೆ ಎಂದು ತಿಳಿಸುತ್ತದೆ. ತಲುಪುವಿಕೆಯನ್ನು ಅದೇನೂ ಹೆಚ್ಚಿಸದು ಎಂದು ಮೊಸೆರಿ ಹಲವು ಸಲ ಹೇಳಿದ್ದಾರೆ. ಮೂವತ್ತರವರೆಗೆ ಹಾಕಲು ಅವಕಾಶವಿದ್ದ 2021ರಲ್ಲೇ ಇನ್‌ಸ್ಟಾಗ್ರಾಂ ಮೂರರಿಂದ ಐದು ಸಾಕು ಎಂದು ಸಲಹೆ ಕೊಟ್ಟಿತ್ತು. #viral, #trending ಎನ್ನುವವು "ಡಬ್ಬಿ" ಎಂದು ಬರೆದ ಚೀಟಿಯ ಹಾಗೆ. #fyp ಅಂತೂ ಟಿಕ್‌ಟಾಕ್‌ನ ಪುಟದ ಹೆಸರಿನಿಂದ ಬಂದದ್ದು.

ಟ್ರೆಂಡಿಂಗ್ ಹ್ಯಾಶ್‌ಟ್ಯಾಗ್ ಯಾವಾಗ ಹೊಂದುತ್ತದೆ? ಐಪಿಎಲ್ ಕಾಲದಲ್ಲಿ #RCB, #EeSalaCupNamde ಎಲ್ಲೆಲ್ಲೂ ಇರುತ್ತವೆ. ಹುಲಿ–ಹುಳಿ ರೀಲ್‌ಗೆ ಅವನ್ನು ಅಂಟಿಸಿದರೆ ಅದು ಮೆಣಸಿನ ಪುಡಿಯ ಡಬ್ಬಿಗೆ ಸಕ್ಕರೆ ಎಂದು ಬರೆದಂತೆ. ಆದರೆ ಅದೇ ಟ್ಯಾಗ್‌ಗೆ ತಕ್ಕ ಇನ್ನೊಂದು ರೀಲ್ ಮಾಡಬಹುದು. ಆರ್‌ಸಿಬಿ 2025ರಲ್ಲಿ ಕಪ್ ಗೆದ್ದಾಗ ಅಭಿಮಾನಿಗಳು "ಈ ಸಲ ಕಪ್ ನಮ್ದೇ" ಎನ್ನುತ್ತಿದ್ದದ್ದನ್ನು "ಈ ಸಲ ಕಪ್ ನಮ್ದು" ಎಂದು ಬದಲಿಸಿಕೊಂಡರು. ಕೊನೆಯ ಆ ಒಂದು ಏಕಾರ ಹೋದಾಗ ಒತ್ತಿ ಹೇಳುವ ಆಸೆ ಹೋಗಿ ನೆಮ್ಮದಿಯ ಹೇಳಿಕೆ ಉಳಿಯುತ್ತದೆ. ಈ ಏಕಾರದ ಆಟವನ್ನು ನಿಮ್ಮ ಮಗ ತನ್ನದೇ ಮಾತಿನಲ್ಲಿ, "ಇದು ನಂದು, ಇದು ನಂದೇ" ಎಂದು ವಿವರಿಸಿದರೆ ಆ ರೀಲ್‌ಗೆ ಆ ಟ್ಯಾಗ್ ನ್ಯಾಯವಾಗಿ ಸಲ್ಲುತ್ತದೆ. ಟ್ಯಾಗ್ ಹುಡುಕಿ ಬಂದ ಅಭಿಮಾನಿಗೂ ಮೋಸವಿಲ್ಲ.

ಹಾಗೆಯೇ ಫೆಬ್ರವರಿ 21, ಅಂತರರಾಷ್ಟ್ರೀಯ ಮಾತೃಭಾಷಾ ದಿನ. ಆ ವಾರ #InternationalMotherLanguageDay ಹುಲಿ–ಹುಳಿಗೆ ಚೆನ್ನಾಗಿ ಹೊಂದುತ್ತದೆ. ನವೆಂಬರ್ 1ರ #ಕನ್ನಡರಾಜ್ಯೋತ್ಸವ ಕೂಡ ಹೊಂದೀತು, ಆದರೆ ಆ ದಿನ ಬಾವುಟ, ಮೆರವಣಿಗೆ, ಭಾಷಣದ ವಿಡಿಯೋಗಳ ನಡುವೆ ಇದು ಕಳೆದುಹೋಗುವ ಸಂಭವ ಹೆಚ್ಚು. ಉಳಿದ ದಿನಗಳಿಗೆ ನಾನಾದರೆ ಈ ನಾಲ್ಕು ಹಾಕುತ್ತೇನೆ:

```
#ಕನ್ನಡಕಲಿಯೋಣ #LearnKannada #BilingualKids #KannadaKids
```

#Kannada ಒಂದನ್ನೇ ಹಾಕಿದರೆ ಅದು ಸಿನಿಮಾ ಸುದ್ದಿಯ ಸಮುದ್ರ. ಕನ್ನಡ ಲಿಪಿಯ ಟ್ಯಾಗ್ ಬರೆಯುವಾಗ ನಡುವೆ ಖಾಲಿ ಜಾಗ ಬಿಡಬೇಡಿ, ಅಲ್ಲಿಗೇ ಅದು ತುಂಡಾಗುತ್ತದೆ. ಹಾಕಿದ ಮೇಲೆ ಇಡೀ ಪದ ಒತ್ತಲು ಬರುತ್ತದೆಯೇ ನೋಡಿ. ಮಗುವಿನ ಶಾಲೆ, ಬಡಾವಣೆ, ಈಜುತರಗತಿ ಇವುಗಳ ಹೆಸರಿನ ಟ್ಯಾಗ್ ಎಷ್ಟೇ ಹೊಂದಿದರೂ ಹಾಕಬೇಡಿ. ಅವು ವಿಷಯವನ್ನಲ್ಲ, ಮಗುವನ್ನು ಹುಡುಕಲು ದಾರಿ ಮಾಡಿಕೊಡುತ್ತವೆ.

ಹೊಂದಿತೋ ಇಲ್ಲವೋ, ತಿಳಿಯುವುದು ಹೇಗೆ?

ಒಂದು ವಾರ ಬಿಟ್ಟು ರೀಲ್‌ನ ಒಳಮಾಹಿತಿ ತೆರೆಯಿರಿ. ಎಷ್ಟು ಜನ ನೋಡಿದರು ಎಂಬ ದೊಡ್ಡ ಅಂಕಿಗಿಂತ ಸರಾಸರಿ ನೋಡಿದ ಸಮಯ, ಎಷ್ಟು ಜನ ಕಳಿಸಿದರು, ಎಷ್ಟು ಜನ ಉಳಿಸಿಕೊಂಡರು ಎನ್ನುವುದನ್ನು ನೋಡಿ. ಎರಡು ರೀಲ್‌ಗಳಲ್ಲಿ ಮೊದಲನೆಯದನ್ನು ಎರಡು ಸಾವಿರ ಜನ ಸರಾಸರಿ 3 ಸೆಕೆಂಡು, ಎರಡನೆಯದನ್ನು ಮುನ್ನೂರು ಜನ ಸರಾಸರಿ 17 ಸೆಕೆಂಡು ನೋಡಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ 24 ಸೆಕೆಂಡಿನ ಪಾಠದ "ಹುಳಿ" ಎಂಬ ಪದದವರೆಗೂ ಹೆಚ್ಚಿನವರು ಬಂದಿಲ್ಲ. ಎರಡನೆಯದರಲ್ಲಿ ಬೆಲೆ–ಬೆಳೆ ದಾಟಿದ್ದಾರೆ.

ಕಾಮೆಂಟ್‌ಗಳನ್ನೂ ಓದಿ. "ಯಾವ ಹಾಡು ಇದು?" ಎಂಬ ಪ್ರಶ್ನೆಗಳೇ ತುಂಬಿದ್ದರೆ ಬಂದವರು ಹಾಡಿನವರು. "ನಮ್ಮ ಮಗನೂ ಹೀಗೇ ಅಂತಾನೆ", "ಹಾಲು–ಹಾಳು ಕೂಡ ಮಾಡಿ" ಎಂದು ಬರೆದಿದ್ದರೆ ಬಂದವರು ನಿಮ್ಮವರು. ಹೋಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಈ ವಾರ ಆಡಿಯೋ, ಮುಂದಿನ ವಾರ ಟ್ಯಾಗ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಹೇಳಲಾಗದು. ನಾಲ್ಕೈದು ರೀಲ್ ಆಗುವವರೆಗೆ ತೀರ್ಮಾನಕ್ಕೂ ಬರಬೇಡಿ, ಒಂದೆರಡರಲ್ಲಿ ಅದೃಷ್ಟದ ಪಾಲೇ ಹೆಚ್ಚು.

ಕೊನೆಯದಾಗಿ, ಆರಿಸಿದ ಆಡಿಯೋದೊಂದಿಗೆ ರೀಲನ್ನು ಹಾಕುವ ಮೊದಲು ಮಗುವಿಗೇ ಒಮ್ಮೆ ತೋರಿಸಿ. "ನನ್ನ ಮಾತು ಕೇಳಿಸ್ತಾ ಇಲ್ಲ" ಎಂದು ಅವಳು ಹೇಳಿದರೆ ಹಾಡು ತೆಗೆಯಿರಿ. "ಇದು ಹಾಕಬೇಡ" ಎಂದರೆ ರೀಲನ್ನೇ ಬಿಡಿ.